ಸಿಗ್ನಲ್‌ನಲ್ಲಿ ನಿಂತ ಹೊತ್ತು ಯಾವ ಲೆಕ್ಕಕ್ಕೆ? ಸೈಕಲ್ ಸವಾರಿಯ ಎರಡು ವೇಗಗಳು

ಗೆಳೆಯನೂ ನಾನೂ ಒಂದೇ ಜಾಗದಿಂದ ಹೊರಟೆವು. ಒಂದೇ ದಾರಿ, ಒಬ್ಬರ ಚಕ್ರದ ಹಿಂದೆ ಇನ್ನೊಬ್ಬರು. ಇಳಿದದ್ದೂ ಒಂದೇ ಗೇಟಿನ ಮುಂದೆ. ನನ್ನ ಹ್ಯಾಂಡಲ್ ಮೇಲಿನ ಮೀಟರ್ 18 ಕಿ.ಮೀ. ತೋರಿಸಿತು, ಅವನ ಫೋನ್ ಕೂಡ ಅಷ್ಟೇ. ಆವರೇಜ್ ನೋಡಿದರೆ ಮಾತ್ರ ನನ್ನದು ಗಂಟೆಗೆ 18, ಅವನದು 22.5!

"ನಿನ್ನ ಮೀಟರ್ ಕೆಟ್ಟಿದೆ ಕಣೋ" ಅಂದ. "ನಿನ್ನ ಫೋನ್ ನಿನ್ನನ್ನ ಉಬ್ಬಿಸ್ತಿದೆ ಅಷ್ಟೇ" ಅಂದೆ.

ಎರಡೂ ಸರಿಯಾಗಿಯೇ ಇದ್ದವು. ಸಿಗ್ನಲ್‌ಗಳಲ್ಲಿ ಕಾಲೂರಿ ನಿಂತ ಹೊತ್ತನ್ನು ನನ್ನ ಮೀಟರ್ ಲೆಕ್ಕಕ್ಕೆ ಹಿಡಿದಿತ್ತು, ಅವನ ಫೋನ್ ಬಿಟ್ಟಿತ್ತು. ನನ್ನದು ಒಟ್ಟು ಸರಾಸರಿ ವೇಗ. ಅವನದು ಮೂವಿಂಗ್ ಸ್ಪೀಡ್, ಅಂದರೆ ಚಕ್ರ ಉರುಳುತ್ತಿದ್ದ ಹೊತ್ತಿನ ಸರಾಸರಿ. ಇಷ್ಟು ಗೊತ್ತಾದರೆ ಜಗಳ ಮುಗಿಯುತ್ತದೆ. ಆದರೆ ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ, ಒಂದೊಂದು ಸಿಗ್ನಲ್ ನಮ್ಮಿಂದ ನಿಜವಾಗಿ ಎಷ್ಟು ಸಮಯ ಕಿತ್ತುಕೊಳ್ಳುತ್ತದೆ ಅಂತಲೂ ತಿಳಿಯುತ್ತದೆ. ಅದೇ ಸವಾರಿಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲ ಹೆಜ್ಜೆ: ಯಾವ ಗಡಿಯಾರ ಓಡುತ್ತಿದೆ ಅಂತ ನೋಡಿ

ವೇಗ ಅಂದರೆ ದೂರವನ್ನು ಸಮಯದಿಂದ ಭಾಗಿಸಿದ್ದು. ದೂರದಲ್ಲಿ ತಕರಾರಿಲ್ಲ. ತಕರಾರೆಲ್ಲ ಸಮಯದ್ದು, ಯಾಕೆಂದರೆ ಸೈಕಲ್ ಕಂಪ್ಯೂಟರಿನಲ್ಲಿ ಒಂದಲ್ಲ, ಮೂರು ಗಡಿಯಾರಗಳು ಇರುತ್ತವೆ.

ಮೊದಲನೆಯದು Elapsed Time. ಸ್ಟಾರ್ಟ್ ಒತ್ತಿದಾಗಿನಿಂದ ಸವಾರಿ ಮುಗಿಸಿ ಸೇವ್ ಮಾಡುವ ತನಕ ಗೋಡೆ ಗಡಿಯಾರದಲ್ಲಿ ಎಷ್ಟು ಹೊತ್ತು ಕಳೆಯಿತೋ ಅಷ್ಟು. ನೀವು ನಿಂತಿರಿ, ನೀರು ಕುಡಿಯಿರಿ, ಅದಕ್ಕೆ ಏನೂ ಸಂಬಂಧವಿಲ್ಲ. ಎರಡನೆಯದು Moving Time, ಸೈಕಲ್ ಚಲಿಸುತ್ತಿತ್ತು ಅಂತ ಉಪಕರಣಕ್ಕೆ ಅನ್ನಿಸಿದ ಹೊತ್ತು ಮಾತ್ರ. ಇವೆರಡರ ನಡುವೆ ಟೈಮರ್ ಅಂತ ಇನ್ನೊಂದಿದೆ. ರೆಕಾರ್ಡಿಂಗ್ ಚಾಲೂ ಇದ್ದಷ್ಟು ಹೊತ್ತು ಅದು ಓಡುತ್ತದೆ, ನೀವು Pause ಒತ್ತಿದರೆ ನಿಲ್ಲುತ್ತದೆ.

ಗೊಂದಲ ಹುಟ್ಟುವುದು ಈ ಮೂರನೆಯದರಿಂದ. Auto Pause ಆನ್ ಇದ್ದರೆ ನೀವು ನಿಂತ ಕೂಡಲೇ ಟೈಮರ್ ತಾನಾಗಿಯೇ ನಿಲ್ಲುತ್ತದೆ. ಆಗ ಟೈಮರ್ ಹೆಚ್ಚುಕಮ್ಮಿ Moving Time ಆಗಿಬಿಡುತ್ತದೆ. ಆಫ್ ಇದ್ದರೆ ಅದೇ ಟೈಮರ್ Elapsed Time ಆಗುತ್ತದೆ. Garmin ಉಪಕರಣಗಳಲ್ಲಿ Avg Speed ಅನ್ನುವ ಅಂಕಿ ಟೈಮರನ್ನು ನಂಬುತ್ತದೆ, Avg Moving Speed ಅನ್ನುವುದು ಬೇರೆ. ಹಾಗಾಗಿ ಒಂದೇ ಮೀಟರ್, ಒಂದೇ ಹೆಸರಿನ ಅಂಕಿ, ಒಂದು ಸೆಟ್ಟಿಂಗ್ ಬದಲಾದರೆ ಅದರ ಅರ್ಥವೇ ಬೇರೆ. Strava ಆ್ಯಪ್ ಸವಾರಿಯ ಪುಟದಲ್ಲಿ ತೋರಿಸುವ ಸರಾಸರಿ ವೇಗ Moving Time ಮೇಲೆ ನಿಂತಿದೆ. ಆದರೆ ಅಲ್ಲೇ, ಸವಾರರ ಸಮಯ ಹೋಲಿಸಲು ಗುರುತು ಮಾಡಿದ ರಸ್ತೆಯ ತುಂಡಿನ, ಅಂದರೆ ಸೆಗ್ಮೆಂಟ್‌ನ ಸಮಯಕ್ಕೆ ಗೋಡೆ ಗಡಿಯಾರದ ಹೊತ್ತೇ ಲೆಕ್ಕ. ಸೆಗ್ಮೆಂಟ್ ಒಳಗೆ ಕೆಂಪು ದೀಪ ಸಿಕ್ಕಿದರೆ ಆ ನಿಮಿಷ ನಿಮ್ಮ ತಲೆಗೇ.

ನಾನಂತೂ ಟ್ರಾಫಿಕ್ ಇರುವ ದಾರಿಯಲ್ಲಿ Auto Pause ಆಫ್ ಮಾಡಿಟ್ಟುಕೊಳ್ಳುತ್ತೇನೆ. ವಾಹನಗಳ ಸಾಲಿನಲ್ಲಿ ಆಮೆನಡಿಗೆಯಲ್ಲಿ ಹೋಗುವಾಗ ಅದು ನಿಲ್ಲುತ್ತದೆ, ಏಳುತ್ತದೆ, ಮತ್ತೆ ನಿಲ್ಲುತ್ತದೆ. ಪ್ರತಿ ಸಲವೂ ಬೀಪ್ ಬೀಪ್ ಬೇರೆ. ಆಫ್ ಇದ್ದರೂ ಆಮೇಲೆ ಆ್ಯಪ್ ತಾನೇ Moving Time ಲೆಕ್ಕ ಹಾಕಿ ಕೊಡುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ.

ಎರಡನೆಯದು: ಎರಡು ಭಾಗಾಕಾರ

ನಮ್ಮ ಸವಾರಿ 18 ಕಿ.ಮೀ. Elapsed Time ಸರಿಯಾಗಿ 1 ಗಂಟೆ. Moving Time 48 ನಿಮಿಷ. ದೂರವನ್ನು ನಿಮಿಷದಿಂದ ಭಾಗಿಸಿ 60ರಿಂದ ಗುಣಿಸಿ:

```
18 / 60 * 60 = 18.0
18 / 48 * 60 = 22.5
```

ಎರಡು ಸಮಯಗಳ ನಡುವಿನ ವ್ಯತ್ಯಾಸ 12 ನಿಮಿಷ. ಅದು ನಿಂತ ಹೊತ್ತು. ಅಂದರೆ ದಾರಿಯಲ್ಲಿ ಕಳೆದ ಪ್ರತಿ ಐದು ನಿಮಿಷದಲ್ಲಿ ಒಂದು ನಿಮಿಷ ಸುಮ್ನೆ ನಿಂತಿದ್ದೆವು. ವೇಗದ ವ್ಯತ್ಯಾಸ 4.5 ಅಂತ ಹೇಳುವುದಕ್ಕಿಂತ ಈ 12 ನಿಮಿಷ ಜಾಸ್ತಿ ಕೆಲಸಕ್ಕೆ ಬರುವ ಅಂಕಿ. ವೇಗಗಳನ್ನು ಕೂಡಿ ಕಳೆಯುವುದರಲ್ಲಿ ಎಡವುವುದು ಸುಲಭ, ನಿಮಿಷಗಳಲ್ಲಿ ಹಾಗಾಗುವುದಿಲ್ಲ.

ಎಡವುವುದು ಹೇಗೆ ಅಂತ ಒಂದು ಉದಾಹರಣೆ. ಮೊದಲ 6 ಕಿ.ಮೀ. ಟ್ರಾಫಿಕ್ಕಿನಲ್ಲಿ 24 ನಿಮಿಷ ಹಿಡಿಯಿತು, ವೇಗ 15. ಆಮೇಲೆ ಖಾಲಿ ರಸ್ತೆಯಲ್ಲಿ 24 ಕಿ.ಮೀ.ಗೆ 60 ನಿಮಿಷ, ವೇಗ 24. ಒಟ್ಟು ಸರಾಸರಿ ಎಷ್ಟು? 15ಕ್ಕೂ 24ಕ್ಕೂ ನಡುವೆ 19.5 ಅಂದರೆ ತಪ್ಪು. 30 ಕಿ.ಮೀ.ಗೆ 84 ನಿಮಿಷ, ಉತ್ತರ 21.4. ದೂರ ದೂರ ಕೂಡಬೇಕು, ಸಮಯ ಸಮಯ ಕೂಡಬೇಕು, ಭಾಗಾಕಾರ ಕೊನೆಗೆ ಒಂದೇ ಸಲ. ತಿಂಗಳ ಸರಾಸರಿ ತೆಗೆಯುವಾಗಲೂ ಹೀಗೇ.

ಮೂರನೆಯದು: ಎಷ್ಟು ಸಲ ನಿಂತಿರಿ ಅಂತ ಎಣಿಸಿ

ಇದನ್ನು ಯಾವ ಮೀಟರೂ ದೊಡ್ಡದಾಗಿ ತೋರಿಸುವುದಿಲ್ಲ, ನಾವೇ ಎಣಿಸಬೇಕು. ಸವಾರಿಯ ವೇಗದ ಗ್ರಾಫ್ ತೆರೆಯಿರಿ. ಗೆರೆ ನೆಲಕ್ಕೆ, ಅಂದರೆ ಸೊನ್ನೆಗೆ ಮುಟ್ಟಿದ ಜಾಗಗಳನ್ನೆಲ್ಲ ಎಣಿಸಿ. ಗ್ರಾಫಿನ ಅಡಿಯ ಅಕ್ಷದಲ್ಲಿ ದೂರದ ಬದಲು ಸಮಯ ಇರುವಂತೆ ಬದಲಿಸಿಕೊಂಡರೆ ಒಳ್ಳೆಯದು. ದೂರ ಇದ್ದರೆ ಎರಡು ನಿಮಿಷದ ನಿಲುಗಡೆಯೂ ಒಂದು ಚೂಪು ಗೀಟಿನಂತೆ ಕಾಣುತ್ತದೆ. ಸಮಯ ಇದ್ದರೆ ಅಗಲವಾದ ಹೊಂಡ ಕಾಣುತ್ತದೆ, ಎಷ್ಟು ಹೊತ್ತು ನಿಂತಿರಿ ಅಂತ ಕಣ್ಣಿಗೇ ತಿಳಿಯುತ್ತದೆ.

ನಮ್ಮ ಸವಾರಿಯಲ್ಲಿ 18 ಹೊಂಡಗಳು. ಕಿಲೋಮೀಟರಿಗೆ ಒಂದರಂತೆ. 12 ನಿಮಿಷವನ್ನು 18ರಿಂದ ಭಾಗಿಸಿದರೆ ಒಂದು ನಿಲುಗಡೆಗೆ 40 ಸೆಕೆಂಡ್.

ಹಾಗಾದರೆ ಒಂದು ಸಿಗ್ನಲ್‌ನ ನಷ್ಟ 40 ಸೆಕೆಂಡ್, ಅಲ್ವಾ? ನಾನೂ ತುಂಬ ದಿನ ಹಾಗೇ ಅಂದುಕೊಂಡಿದ್ದೆ. ಮೂವಿಂಗ್ ಸ್ಪೀಡ್‌ನಲ್ಲಿ ಸಿಗ್ನಲ್ಲಿನ ಗಲಾಟೆಯೇ ಇಲ್ಲ, ಅದು ನನ್ನ ಕಾಲಿನ ಶುದ್ಧ ವೇಗ ಅಂತ. ಆದರೆ ರಸ್ತೆ ಖಾಲಿ ಇದ್ದಾಗ ಮೀಟರಿನಲ್ಲಿ ಯಾವಾಗಲೂ 24 ಕಾಣುತ್ತಿತ್ತು, 22.5 ಅಲ್ಲ. ಉಳಿದ ಒಂದೂವರೆ ಎಲ್ಲಿ ಹೋಯಿತು?

ಬ್ರೇಕಿನಲ್ಲಿ ಹೋಯಿತು, ಮತ್ತೆ ವೇಗ ಹಿಡಿಯುವುದರಲ್ಲಿ ಹೋಯಿತು. ಕೆಂಪು ದೀಪ ಕಂಡು ಬ್ರೇಕ್ ಹಿಡಿದು ನಿಧಾನವಾಗುವಾಗ ಚಕ್ರ ಉರುಳುತ್ತಲೇ ಇರುತ್ತದೆ. ಹಸಿರು ಬಿದ್ದ ಮೇಲೆ ಪೆಡಲ್ ಒತ್ತಿ ಮೇಲೇಳುವಾಗಲೂ ಉರುಳುತ್ತಿರುತ್ತದೆ. ಹಾಗಾಗಿ ಆ ಹೊತ್ತೆಲ್ಲ Moving Time ಖಾತೆಗೆ ಸೇರುತ್ತದೆ. ಆಗ ನಿಮ್ಮ ವೇಗ ಮಾತ್ರ 24 ಅಲ್ಲ, 5, 10, 15.

ಸ್ವಲ್ಪ ಹತ್ತಿರದಿಂದ ನೋಡೋಣ. ಗಂಟೆಗೆ 24 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 6.7 ಮೀಟರ್. ಗಡಿಬಿಡಿ ಇಲ್ಲದೆ ಬ್ರೇಕ್ ಹಿಡಿದರೆ ವೇಗ ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಇಳಿಯುತ್ತದೆ ಅಂದುಕೊಳ್ಳಿ. ಪೂರ್ತಿ ನಿಲ್ಲಲು 6.7 ಸೆಕೆಂಡ್, 22 ಮೀಟರ್. ಮತ್ತೆ ಎದ್ದು ಹೊರಡುವುದು ಇನ್ನೂ ನಿಧಾನ, ಅದರ ಅರ್ಧದಷ್ಟು ಅನ್ನಿ. 24 ಮುಟ್ಟಲು 13.3 ಸೆಕೆಂಡ್, 44 ಮೀಟರ್. ಎರಡೂ ಸೇರಿ ಸುಮಾರು 67 ಮೀಟರ್ ದಾಟಲು 20 ಸೆಕೆಂಡ್ ಬೇಕಾಯಿತು. ಸಿಗ್ನಲ್ ಇಲ್ಲದಿದ್ದರೆ ಅದೇ 67 ಮೀಟರಿಗೆ 10 ಸೆಕೆಂಡ್ ಸಾಕಿತ್ತು.

ಅಂದರೆ ಪ್ರತಿ ನಿಲುಗಡೆಯಲ್ಲಿ 10 ಸೆಕೆಂಡ್ ಕಾಣದಂತೆ ಹೋಗುತ್ತದೆ. 18 ನಿಲುಗಡೆಗೆ 180 ಸೆಕೆಂಡ್, 3 ನಿಮಿಷ. ಈಗ ಲೆಕ್ಕ ಕೂಡಿ ಬರುತ್ತದೆ ನೋಡಿ. 18 ಕಿ.ಮೀ.ಯನ್ನು ತಡೆಯಿಲ್ಲದೆ 24ರಲ್ಲಿ ಓಡಿದರೆ 45 ನಿಮಿಷ. ಬ್ರೇಕು, ಎತ್ತುಗಡೆ ಸೇರಿಸಿದರೆ 48. ನಿಂತ ಹೊತ್ತೂ ಸೇರಿದರೆ 60. ಒಂದು ಸಿಗ್ನಲ್‌ನ ನಿಜವಾದ ನಷ್ಟ 40 ಅಲ್ಲ, 50 ಸೆಕೆಂಡ್. ಅದರಲ್ಲಿ 40 ಒಟ್ಟು ಸರಾಸರಿಯನ್ನು ಮಾತ್ರ ಇಳಿಸುತ್ತದೆ, 10 ಎರಡನ್ನೂ ಇಳಿಸುತ್ತದೆ.

ಈ 10 ಸೆಕೆಂಡ್ ಎಲ್ಲರಿಗೂ ಒಂದೇ ಅಲ್ಲ. ಇದೇ ರೀತಿ ಬ್ರೇಕ್ ಹಿಡಿದು ಎದ್ದರೆ, 18ರಲ್ಲಿ ಓಡುವವರಿಗೆ ಏಳೂವರೆ ಸೆಕೆಂಡ್, 30ರಲ್ಲಿ ಓಡುವವರಿಗೆ ಹನ್ನೆರಡೂವರೆ. ಕ್ಯಾರಿಯರ್ ಮೇಲೆ ಭಾರ ಇದ್ದರೆ ಅಥವಾ ದೊಡ್ಡ ಗೇರಿನಲ್ಲೇ ನಿಂತುಬಿಟ್ಟಿದ್ದರೆ ಇನ್ನೂ ಜಾಸ್ತಿ. ನಿಲ್ಲುವ ಮೊದಲೇ ಹಗುರ ಗೇರಿಗೆ ಇಳಿಸಿಕೊಳ್ಳುವ ಅಭ್ಯಾಸದ ಫಲ ಕಾಣುವುದು ಇಲ್ಲೇ. ಅದು ನಿಂತ ಹೊತ್ತನ್ನು ಒಂದು ಸೆಕೆಂಡೂ ಕಡಿಮೆ ಮಾಡುವುದಿಲ್ಲ, ಮೂವಿಂಗ್ ಸ್ಪೀಡನ್ನು ಮಾತ್ರ ಒಂದು ಚೂರು ಏರಿಸುತ್ತದೆ.

ನಾಲ್ಕನೆಯದು: ಮೀಟರ್ ನಿಂತದ್ದನ್ನು ನಿಂತದ್ದು ಅಂತಲೇ ಬರೆದಿದೆಯಾ?

Elapsed Time ತಪ್ಪುವುದು ಬಹಳ ಅಪರೂಪ. ಸವಾರಿ ಮುಗಿದ ಮೇಲೆ ರೆಕಾರ್ಡಿಂಗ್ ಆಫ್ ಮಾಡಲು ಮರೆತರೆ ಮಾತ್ರ ಕೆಡುತ್ತದೆ. Moving Time ಹಾಗಲ್ಲ, ಅದು ಉಪಕರಣದ ಊಹೆ. ಊಹೆ ಎರಡು ಕಡೆ ತಪ್ಪುತ್ತದೆ.

ಮೊದಲನೆಯದು ಜಿಪಿಎಸ್ ಅಲೆದಾಟ. ನೀವು ಕಾಲೂರಿ ನಿಂತಿದ್ದರೂ ಜಿಪಿಎಸ್ ಕೊಡುವ ಸ್ಥಾನ ಕೆಲವು ಮೀಟರ್ ಆಚೀಚೆ ಓಡಾಡುತ್ತಿರುತ್ತದೆ. ಎತ್ತರದ ಕಟ್ಟಡಗಳ ನಡುವೆ, ಮೇಲ್ಸೇತುವೆಯ ಕೆಳಗೆ ಇದು ಜಾಸ್ತಿ. ಉಪಕರಣ ಅದನ್ನು ನಿಧಾನದ ಚಲನೆ ಅಂತ ಎಣಿಸಿದರೆ, ನಿಂತ 40 ಸೆಕೆಂಡಿನಲ್ಲಿ ಒಂದಷ್ಟು Moving Time ಖಾತೆಗೆ ಹೋಗುತ್ತದೆ. ಮೂವಿಂಗ್ ಸ್ಪೀಡ್ ಸುಮ್ಮಸುಮ್ಮನೆ ಬೀಳುತ್ತದೆ. ಕಂಡುಹಿಡಿಯುವುದು ಸುಲಭ. ನಕ್ಷೆಯಲ್ಲಿ ಆ ಸಿಗ್ನಲ್ ಇರುವ ಕಡೆ ಜೂಮ್ ಮಾಡಿ. ಗೆರೆ ನೇರವಾಗಿ ಹೋಗದೆ ದಾರದ ಗಂಟಿನಂತೆ ಸಿಕ್ಕಾಗಿದ್ದರೆ ಅಲೆದಾಟ ಆಗಿದೆ. ವೇಗದ ಗ್ರಾಫಿನಲ್ಲೂ ಅಲ್ಲಿ ಸೊನ್ನೆಯ ಬದಲು 1, 2, 3 ಅಂತ ನಡುಗುವ ಗೆರೆ ಇರುತ್ತದೆ. ಚಕ್ರಕ್ಕೆ ಕಟ್ಟುವ ಸ್ಪೀಡ್ ಸೆನ್ಸರ್ ಇದ್ದರೆ ಈ ತೊಂದರೆ ಇಲ್ಲ, ಚಕ್ರ ತಿರುಗದಿದ್ದರೆ ಅದಕ್ಕೆ ವೇಗ ಸೊನ್ನೆ.

ಎರಡನೆಯದು ಇದರ ಉಲ್ಟಾ, Auto Pause ತಡವಾಗಿ ಎಚ್ಚರಗೊಳ್ಳುವುದು. ಹಸಿರು ಬಿತ್ತು, ನೀವು ಹೊರಟಿರಿ, ಉಪಕರಣಕ್ಕೆ ಗೊತ್ತಾಗಿದ್ದು 3 ಸೆಕೆಂಡ್ ಆದ ಮೇಲೆ. ಆ 3 ಸೆಕೆಂಡ್ ಲೆಕ್ಕದಿಂದ ಬಿಟ್ಟುಹೋಗಿ, ಅಷ್ಟರಲ್ಲಿ ದಾಟಿದ ದೂರ ಮಾತ್ರ ಉಳಿದರೆ ವೇಗ ಏರುತ್ತದೆ. 18 ಸಲಕ್ಕೆ 54 ಸೆಕೆಂಡ್. 48 ನಿಮಿಷ ಹೋಗಿ 47 ನಿಮಿಷ 6 ಸೆಕೆಂಡ್ ಆಯಿತು. 22.5 ಇದ್ದದ್ದು 22.9 ಆಗಿಬಿಟ್ಟಿತು. ಕಾಲಿಗೆ ಯಾವ ಶ್ರಮವೂ ಇಲ್ಲದೆ ಬಂದ ವೇಗ!

ಇನ್ನೊಂದು ವಿಷಯ. ಎಷ್ಟು ವೇಗಕ್ಕಿಂತ ಕೆಳಗಿಳಿದರೆ ನಿಂತಂತೆ ಅನ್ನುವ ಗಡಿ ಉಪಕರಣದಿಂದ ಉಪಕರಣಕ್ಕೆ ಬೇರೆ. ಸೈಕಲ್ ಇಳಿದು ತಳ್ಳಿಕೊಂಡು ರಸ್ತೆ ದಾಟಿದಿರಿ, ವೇಗ 4. ಒಂದು ಮೀಟರಿಗೆ ಅದು ಚಲನೆ, ಇನ್ನೊಂದಕ್ಕೆ ವಿಶ್ರಾಂತಿ. ಹಾಗಾಗಿ ಇಬ್ಬರ ಮೂವಿಂಗ್ ಸ್ಪೀಡಿನಲ್ಲಿ ಅರ್ಧ ಕಿ.ಮೀ. ವ್ಯತ್ಯಾಸ ಕಂಡರೆ ಯಾರು ಜೋರು ಅಂತ ತೀರ್ಮಾನಿಸಲು ಹೋಗಬೇಡಿ. ನಿಮ್ಮದೇ ಹಳೆಯ ಸವಾರಿಗಳ ಜೊತೆ ಹೋಲಿಸುವುದಾದರೆ ಅದೇ ಉಪಕರಣ, ಅದೇ ಸೆಟ್ಟಿಂಗ್ ಇರಲಿ.

ಐದನೆಯದು: ಯಾವ ಪ್ರಶ್ನೆಗೆ ಯಾವ ಅಂಕಿ

ದಿನವೂ ಹೋಗುವ ದಾರಿಯಲ್ಲಿ ಎಷ್ಟು ಹೊತ್ತಿಗೆ ತಲುಪುತ್ತೇನೆ ಅನ್ನುವುದಕ್ಕೆ ಒಟ್ಟು ಸರಾಸರಿ ಸಾಕು, ಬೇರೆ ಏನೂ ಬೇಡ. ತೊಂದರೆ ಹೊಸ ದಾರಿಯದ್ದು. 26 ಕಿ.ಮೀ. ದೂರದ ಒಂದು ಕಡೆಗೆ ಹೋಗಬೇಕು, ದಾರಿಯಲ್ಲಿ ಸುಮಾರು 10 ಸಲ ನಿಲ್ಲಬೇಕಾಗಬಹುದು ಅಂತ ಅಂದಾಜು. ಹಳೆಯ 18ರಿಂದ ಲೆಕ್ಕ ಹಾಕಿದರೆ 87 ನಿಮಿಷ ಬರುತ್ತದೆ. 22.5ರಿಂದ ಹಾಕಿದರೆ 69. ಮೊದಲನೆಯದು ಹಳೆಯ ದಾರಿಯ ಸಿಗ್ನಲ್‌ಗಳನ್ನೆಲ್ಲ ಹೊಸ ದಾರಿಗೆ ಹೊತ್ತುಕೊಂಡು ಹೋಗುತ್ತದೆ, ಎರಡನೆಯದು ಒಂದು ಕಡೆಯೂ ಕಾಲೂರುವುದಿಲ್ಲ ಅಂತ ನಂಬುತ್ತದೆ. ಒಮ್ಮೆ ಹೀಗೆ ಮೂವಿಂಗ್ ಸ್ಪೀಡ್ ನಂಬಿ ಹೊರಟು, ಕಾಯುತ್ತಿದ್ದವರ ಮುಖ ನೋಡಲಾಗದೆ ಹೆಲ್ಮೆಟ್ ಪಟ್ಟಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಸರಿಯಾದ ದಾರಿ ಅಂದರೆ ತಡೆಯಿಲ್ಲದ ವೇಗವನ್ನೂ ನಿಲುಗಡೆಗಳನ್ನೂ ಬೇರೆ ಬೇರೆ ಇಟ್ಟು ಕೂಡುವುದು. 26 ಕಿ.ಮೀ.ಗೆ 24ರಂತೆ 65 ನಿಮಿಷ. 10 ನಿಲುಗಡೆಗೆ 50 ಸೆಕೆಂಡಿನಂತೆ 8 ನಿಮಿಷ 20 ಸೆಕೆಂಡ್. ಒಟ್ಟು 73 ನಿಮಿಷ ಚಿಲ್ಲರೆ. ತಡೆಯಿಲ್ಲದ ವೇಗ ಗೊತ್ತಿಲ್ಲದಿದ್ದರೆ, ಎಲ್ಲೂ ನಿಲ್ಲದೆ ಸಾಗುವ ಎರಡು ಕಿಲೋಮೀಟರ್ ಸಿಕ್ಕಾಗ ಶುರುವಿನಲ್ಲೂ ಕೊನೆಯಲ್ಲೂ ಲ್ಯಾಪ್ ಬಟನ್ ಒತ್ತಿ. ಚಪ್ಪಟೆ ರಸ್ತೆ ಇರಲಿ, ಗಾಳಿ ಬೆನ್ನಿಗೆ ಬಡಿಯುತ್ತಿರಬಾರದು.

ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಓಡಿಸುವವರು ಒಂದು ಮಾತು ನೆನಪಿಡಬೇಕು. ಅಲ್ಲಿ ಮೂವಿಂಗ್ ಸ್ಪೀಡ್‌ಗೆ ಬೆಲೆಯೇ ಇಲ್ಲ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಅಂದರೆ ಸಿಗ್ನಲ್, ಊಟ, ಪಂಕ್ಚರ್ ಎಲ್ಲ ಅದರೊಳಗೇ. ಒಟ್ಟು ಸರಾಸರಿ 14.8 ಬಂದರೆ ಸಾಕು. ಮೂವಿಂಗ್ ಸ್ಪೀಡ್ 20 ಇರುವವರು 10 ಗಂಟೆ ಪೆಡಲ್ ಮೇಲಿರುತ್ತಾರೆ, ಉಳಿದ ಮೂರೂವರೆ ಗಂಟೆ ಅವರ ಉಳಿತಾಯ. ನಿಲ್ಲುವ ಪ್ರತಿ ನಿಮಿಷವೂ ಆ ಖಾತೆಯಿಂದಲೇ ಹೋಗುತ್ತದೆ.

ಜೋರಾಗಿ ತುಳಿಯುವುದೋ, ಕಡಿಮೆ ನಿಲ್ಲುವುದೋ?

ಎರಡು ಅಂಕಿಗಳನ್ನು ಜೊತೆಗೆ ಬರೆದಿಡುವುದರ ಲಾಭ ನನಗೆ ತಿಳಿದದ್ದು ಇಲ್ಲಿ. 18 ಕಿ.ಮೀ.ಯ ದಾರಿಯಲ್ಲಿ 24ರ ಬದಲು 27ರಲ್ಲಿ ತುಳಿದೆ ಅಂದುಕೊಳ್ಳಿ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಇದಕ್ಕೆ ಸುಮಾರು 40 ಪರ್ಸೆಂಟ್ ಜಾಸ್ತಿ. ಮೂವಿಂಗ್ ಸ್ಪೀಡ್ 22.5ರಿಂದ 24.9ಕ್ಕೆ ಏರುತ್ತದೆ, ಮೀಟರ್ ನೋಡಿದರೆ ಖುಷಿ. ಕಾಗದದ ಮೇಲೆ ಉಳಿಯುವ ಸಮಯ ನಾಲ್ಕೂವರೆ ನಿಮಿಷ.

ಕಾಗದದ ಮೇಲೆ ಅಂದೆ, ಯಾಕೆಂದರೆ ಸಿಗ್ನಲ್‌ಗೆ ನನ್ನ ಬೆವರು ಕಾಣುವುದಿಲ್ಲ. ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ 15 ಸೆಕೆಂಡ್ ಮೊದಲು ತಲುಪಿದೆ. ಅದು ಇನ್ನೂ ಕೆಂಪಾಗಿದ್ದರೆ 40 ಸೆಕೆಂಡ್ ಬದಲು 55 ಸೆಕೆಂಡ್ ನಿಲ್ಲುತ್ತೇನೆ, ಅಷ್ಟೇ. ಹೊರಡುವುದು ಅದೇ ಹಸಿರಿಗೆ. ಎಲ್ಲ ಸಿಗ್ನಲ್‌ಗಳಲ್ಲೂ ಹೀಗಾದರೆ ಮೂವಿಂಗ್ ಸ್ಪೀಡ್ 24.9, ಒಟ್ಟು ಸರಾಸರಿ ಮೊದಲಿನಂತೆ 18. ಗುರುತು ಹಿಡಿಯುವುದೂ ಹೀಗೇ. ನಿಮ್ಮ ಮೂವಿಂಗ್ ಸ್ಪೀಡ್ ಏರುತ್ತಾ ಹೋಗಿ ಒಟ್ಟು ಸರಾಸರಿ ಕದಲದೆ ಕೂತಿದ್ದರೆ, ಉಳಿಸಿದ ಸಮಯವನ್ನೆಲ್ಲ ಕೆಂಪು ದೀಪ ವಾಪಸ್ ತೆಗೆದುಕೊಳ್ಳುತ್ತಿದೆ.

ಅದರ ಬದಲು 24ರಲ್ಲೇ ತುಳಿದು, ಆರು ನಿಲುಗಡೆ ಕಡಿಮೆ ಇರುವ ಒಳರಸ್ತೆ ಹಿಡಿದರೆ? ಆರಕ್ಕೆ 50 ಸೆಕೆಂಡಿನಂತೆ 5 ನಿಮಿಷ ಉಳಿಯಿತು. ಆ ದಾರಿ 1 ಕಿ.ಮೀ. ಸುತ್ತು ಬಳಸಿ ಹೋದರೂ ಅದಕ್ಕೆ ಎರಡೂವರೆ ನಿಮಿಷ ಕೊಟ್ಟು, ಇನ್ನೂ ಎರಡೂವರೆ ನಿಮಿಷ ಮೊದಲೇ ತಲುಪುತ್ತೀರಿ. ಮೂವಿಂಗ್ ಸ್ಪೀಡ್ ಮಾತ್ರ 23 ಆಸುಪಾಸಿನಲ್ಲೇ ಇರುತ್ತದೆ. ಬರೀ ಆ ಅಂಕಿ ನೋಡುವವರಿಗೆ ಇದು ಲಾಭ ಅಂತಲೇ ಗೊತ್ತಾಗುವುದಿಲ್ಲ. ಒಳರಸ್ತೆಯಲ್ಲಿ ಉಬ್ಬು, ತಿರುವು ಜಾಸ್ತಿ ಇದ್ದರೆ ಲೆಕ್ಕ ಬೇರೆ. ಅಲ್ಲಿ ಪೂರ್ತಿ ನಿಲ್ಲುವುದಿಲ್ಲ, ಹಾಗಾಗಿ ನಿಂತ ಹೊತ್ತಿನಲ್ಲಿ ಕಾಣುವುದಿಲ್ಲ. ಆದರೆ ಪ್ರತಿ ಸಲ ಇಳಿದು ಏರುವಾಗ ಕೆಲವು ಸೆಕೆಂಡ್ ಹೋಗುತ್ತಿರುತ್ತದೆ. ಹಾಗಾಗಿ ಎರಡೂ ದಾರಿಯಲ್ಲಿ ನಾಲ್ಕೈದು ಸಲ ಹೋಗಿ Elapsed Time ಹೋಲಿಸಿ. ಒಂದೇ ದಿನದ ಅಂಕಿಯಲ್ಲಿ ಸಿಗ್ನಲ್ ಅದೃಷ್ಟದ ಪಾಲು ಜಾಸ್ತಿ.

ಬರೆದಿಡುವುದು

ಸ್ಪ್ರೆಡ್‌ಶೀಟಿನಲ್ಲಿ ನಾಲ್ಕು ಕಾಲಂ ಸಾಕು: ದೂರ, Moving Time, Elapsed Time, ನಿಂತ ಸಲ. ವೇಗಗಳನ್ನು ಕೈಯಾರೆ ತುಂಬಬೇಡಿ, ಶೀಟೇ ಲೆಕ್ಕ ಹಾಕಲಿ. A2ರಲ್ಲಿ ದೂರ, B2ರಲ್ಲಿ Moving Time, C2ರಲ್ಲಿ Elapsed Time ಇದ್ದರೆ ಸೂತ್ರ ಹೀಗೆ:

```
=A2/(B2*24)
=A2/(C2*24)
```

24ರಿಂದ ಗುಣಿಸುವುದು ಯಾಕೆಂದರೆ ಸ್ಪ್ರೆಡ್‌ಶೀಟ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, ಅದನ್ನು ಗಂಟೆಗೆ ತರಬೇಕು. ಉತ್ತರ ಗಡಿಯಾರದ ರೂಪದಲ್ಲಿ ಕಂಡರೆ ಆ ಸೆಲ್‌ನ ಫಾರ್ಮ್ಯಾಟನ್ನು ಸಾಮಾನ್ಯ ಸಂಖ್ಯೆಗೆ ಬದಲಿಸಿ. ಸಮಯ ಬರೆಯುವಾಗ 48:00 ಅಂತ ಬರೆಯಬೇಡಿ, 0:48:00 ಅಂತ ಬರೆಯಿರಿ. ನಾನು ಮೊದಲ ಸಾಲಿನಲ್ಲೇ 48:00 ಅಂತ ಬರೆದಿದ್ದೆ. ಶೀಟ್ ಅದನ್ನು 48 ಗಂಟೆ ಅಂತ ಓದಿಕೊಂಡು ನನ್ನ ಮೂವಿಂಗ್ ಸ್ಪೀಡ್ 0.375 ಅಂತ ತೋರಿಸಿತು. ಗೆಳೆಯ ಈಗಲೂ ಅದನ್ನೇ ಹಿಡಿದು ಆಡಿಕೊಳ್ಳುತ್ತಾನೆ.